'ಯದಾ ಯದಾ ಹಿ': ಶ್ಲೋಕ ಹೇಳುವುದೇನು, ನಾವು ಕೇಳಿಸಿಕೊಳ್ಳುವುದೇನು?

ಸಂಸ್ಕೃತದ ಗಂಧಗಾಳಿ ಇಲ್ಲದವರಿಗೂ ಬಾಯಿಪಾಠವಾಗಿರುವ ಗೀತೆಯ ಶ್ಲೋಕ ಯಾವುದು ಎಂದು ಕೇಳಿದರೆ, ಹೆಚ್ಚಿನವರು ನಾಲ್ಕನೆಯ ಅಧ್ಯಾಯದ ಏಳನೆಯ ಶ್ಲೋಕವನ್ನೇ ಹೇಳುತ್ತಾರೆ. ಧರ್ಮ ಕುಗ್ಗಿದಾಗಲೆಲ್ಲ ನಾನು ಬರುತ್ತೇನೆ ಎಂದು ಕೃಷ್ಣ ಅರ್ಜುನನಿಗೆ ಹೇಳುವ ಶ್ಲೋಕ ಅದು. ನಾಟಕದ ರಂಗದಲ್ಲಿ, ಹರಿಕಥೆಯಲ್ಲಿ, ಕ್ಯಾಲೆಂಡರಿನ ಚಿತ್ರದ ಕೆಳಗೆ, ಚುನಾವಣೆಯ ಭಾಷಣದಲ್ಲಿ ಎಲ್ಲೆಲ್ಲೂ ಅದು ಸಿಗುತ್ತದೆ. 1988ರಲ್ಲಿ ದೂರದರ್ಶನದಲ್ಲಿ ಶುರುವಾದ ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಧಾರಾವಾಹಿಯ ಶೀರ್ಷಿಕೆ ಗೀತೆಯಲ್ಲಿ ಮಹೇಂದ್ರ ಕಪೂರ್ ಅದನ್ನು ಹಾಡಿದ ಮೇಲೆ, ಪುಸ್ತಕ ಮುಟ್ಟದ ಮನೆಗಳಿಗೂ ಭಾನುವಾರದ ಬೆಳಿಗ್ಗೆ ಅದು ತಲುಪಿತು.

ಇಷ್ಟು ಪರಿಚಿತವಾದ ಮಾತನ್ನು ಯಾರೂ ನಿಂತು ಗಮನಿಸುವುದಿಲ್ಲ. ಹಾಗಾಗಿ ಶ್ಲೋಕದಲ್ಲಿ ಇಲ್ಲದ ಕೆಲವು ಮಾತುಗಳು ಅದರೊಳಕ್ಕೆ ಸೇರಿಕೊಂಡಿವೆ, ಇರುವ ಕೆಲವು ಮಾತುಗಳು ಕಿವಿಗೆ ಬೀಳದೆ ಹೋಗಿವೆ. ಶ್ಲೋಕದ ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅದು ಯಾವ ಪ್ರಶ್ನೆಗೆ ಉತ್ತರವಾಗಿ ಬಂದಿತು ಎಂಬುದನ್ನೂ ಜೊತೆಗಿಟ್ಟುಕೊಂಡರೆ, ನಮಗೆ ಗೊತ್ತಿದೆ ಎಂದುಕೊಂಡ ಅರ್ಥಕ್ಕಿಂತ ಸ್ವಲ್ಪ ಬೇರೆಯದೇ ಆದ ಅರ್ಥ ಹೊರಡುತ್ತದೆ.

ಹದಿಮೂರು ಪದಗಳು

ಏಳನೆಯ ಶ್ಲೋಕದಲ್ಲಿ ಸಂಧಿ ಬಿಡಿಸಿದರೆ ಸಿಗುವುದು ಹದಿಮೂರು ಪದ. ಮೊದಲ ಎರಡು 'ಯದಾ ಯದಾ', ಅಂದರೆ ಯಾವಾಗ ಯಾವಾಗ. ಮಾತನ್ನು ಎರಡು ಸಲ ಹೇಳಿರುವುದು ಒತ್ತು ಕೊಡುವುದಕ್ಕಾಗಿ ಮಾತ್ರವಲ್ಲ, ಪ್ರತಿಯೊಂದು ಸಂದರ್ಭವೂ ಸೇರಲಿ ಎಂಬುದಕ್ಕಾಗಿ. ಮೂರನೆಯದು 'ಹಿ' ಎಂಬ ಪುಟ್ಟ ಅವ್ಯಯ. ಅದು ಹಿಂದಿನ ಮಾತಿಗೆ ಈ ಮಾತನ್ನು ಬಿಗಿಯುವ ಕೊಂಡಿ. ನಾಲ್ಕನೆಯದು 'ಧರ್ಮಸ್ಯ', ಧರ್ಮದ.

ಐದನೆಯ ಪದ 'ಗ್ಲಾನಿಃ'. ಇದನ್ನು ಸಾಮಾನ್ಯವಾಗಿ ನಾಶ ಎಂದು ಹೇಳಿಬಿಡುತ್ತೇವೆ. ಶಂಕರರು ಇದಕ್ಕೆ ಹಾನಿ ಎಂದು ಅರ್ಥ ಬರೆದಿದ್ದಾರೆ. ಆದರೆ ಪದದ ಮೂಲದಲ್ಲಿರುವ ಧಾತುವಿಗೆ ಧಾತುಪಾಠ ಕೊಡುವ ಅರ್ಥ ಹರ್ಷಕ್ಷಯ, ಅಂದರೆ ಉಲ್ಲಾಸ ಕುಂದುವುದು. ಕಾಯಿಲೆ ಬಿದ್ದವರ ಬಳಲಿಕೆಯನ್ನೂ ಸಂಸ್ಕೃತದಲ್ಲಿ ಗ್ಲಾನಿ ಎಂದೇ ಕರೆಯುತ್ತಾರೆ. ನೀರು ಕಾಣದ ಗಿಡ ಬಾಡುವಂತೆ ಧರ್ಮವೂ ಬಾಡುತ್ತದೆ, ಬೇರು ಸತ್ತಿರುವುದಿಲ್ಲ ಎಂಬ ಭಾವ ಇಲ್ಲಿದೆ. ಧರ್ಮ ಸಂಪೂರ್ಣ ಸತ್ತುಹೋಗುತ್ತದೆ ಎಂದು ಶ್ಲೋಕ ಎಲ್ಲಿಯೂ ಹೇಳುವುದಿಲ್ಲ. ಆರನೆಯ ಪದ 'ಭವತಿ', ಆಗುತ್ತದೆ.

ಏಳನೆಯದು 'ಭಾರತ'. ಇಲ್ಲಿ ಎಡವುವವರು ಬಹಳ ಮಂದಿ. ಭಾರತ ದೇಶದಲ್ಲಿ ಧರ್ಮ ಕುಗ್ಗಿದಾಗ ಎಂದು ಅರ್ಥ ಮಾಡಿಕೊಂಡವರನ್ನು, ವೇದಿಕೆಯ ಮೇಲೆ ಹಾಗೆಯೇ ವಿವರಿಸುವವರನ್ನೂ ನೋಡಬಹುದು. ಇದು ಸಂಬೋಧನೆ. ಭರತವಂಶದಲ್ಲಿ ಹುಟ್ಟಿದವನೇ ಎಂದು ಅರ್ಜುನನನ್ನು ಕರೆಯುವ ಮಾತು. ದೇಶದಲ್ಲಿ ಎಂದು ಹೇಳಬೇಕಾಗಿದ್ದರೆ ಸಪ್ತಮಿ ವಿಭಕ್ತಿಯಲ್ಲಿ 'ಭಾರತೇ' ಎಂದಿರಬೇಕಿತ್ತು. ಗೀತೆಯ ಉದ್ದಕ್ಕೂ ಕೃಷ್ಣ ಅರ್ಜುನನನ್ನು ಕೌಂತೇಯ, ಪಾರ್ಥ, ಧನಂಜಯ ಎಂದೆಲ್ಲ ಕರೆದಂತೆ ಭಾರತ ಎಂದೂ ಹಲವು ಬಾರಿ ಕರೆಯುತ್ತಾನೆ. ಧೃತರಾಷ್ಟ್ರನೊಡನೆ ಮಾತಾಡುವಾಗ ಸಂಜಯನೂ ಅವನನ್ನು ಇದೇ ಹೆಸರಿನಿಂದ ಕರೆಯುವುದುಂಟು, ಏಕೆಂದರೆ ಅವನೂ ಅದೇ ವಂಶದವನು.

ಎರಡನೆಯ ಸಾಲಿಗೆ ಬಂದರೆ 'ಅಭ್ಯುತ್ಥಾನಮ್', 'ಅಧರ್ಮಸ್ಯ'. ಅಧರ್ಮ ತಲೆಯೆತ್ತಿ ನಿಲ್ಲುವುದು. ಹಿರಿಯರು ಬಂದಾಗ ಗೌರವದಿಂದ ಎದ್ದು ನಿಲ್ಲುವುದಕ್ಕೂ ಸಂಸ್ಕೃತದಲ್ಲಿ ಅಭ್ಯುತ್ಥಾನ ಎಂಬ ಮಾತೇ ಇದೆ. ಮೊದಲ ಸಾಲು ಧರ್ಮದ ಬಳಲಿಕೆಯನ್ನು ಹೇಳಿದರೆ ಎರಡನೆಯದು ಅಧರ್ಮದ ಏಳಿಗೆಯನ್ನು ಹೇಳುತ್ತದೆ. ಒಂದು ಕೂರುತ್ತದೆ, ಇನ್ನೊಂದು ಏಳುತ್ತದೆ. ಕೊನೆಯ ನಾಲ್ಕು ಪದಗಳು 'ತದಾ', 'ಆತ್ಮಾನಂ', 'ಸೃಜಾಮಿ', 'ಅಹಮ್'. ಆಗ, ನನ್ನನ್ನು, ಸೃಷ್ಟಿಸಿಕೊಳ್ಳುತ್ತೇನೆ, ನಾನು.

ಈ ಕ್ರಿಯಾಪದದಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, 'ಸೃಜಾಮಿ' ವರ್ತಮಾನ ಕಾಲದ ರೂಪ. ಮುಂದೆ ಬರುವೆ ಎಂಬ ಭರವಸೆಯಾಗಿ ನಾವು ಕೇಳಿಸಿಕೊಳ್ಳುವ ಮಾತು ಮೂಲದಲ್ಲಿ ಸೂರ್ಯ ಮೂಡುತ್ತಾನೆ ಎಂಬಂಥ ನಿಯಮದ ಮಾತು. ಎರಡು, ಇಳಿದು ಬರುವೆ ಎಂದು ಕೃಷ್ಣ ಹೇಳುವುದಿಲ್ಲ. ಇಳಿಯುವುದು ಎಂಬ ಅರ್ಥದ 'ಅವತಾರ' ಪದ ಈ ಶ್ಲೋಕದಲ್ಲಿರಲಿ, ಗೀತೆಯ ಏಳುನೂರು ಶ್ಲೋಕಗಳಲ್ಲಿ ಎಲ್ಲಿಯೂ ಇಲ್ಲ. ಅವತಾರತತ್ತ್ವಕ್ಕೆ ಆಧಾರವೆಂದು ಎಲ್ಲರೂ ಉದಾಹರಿಸುವ ಶ್ಲೋಕ ಆ ಹೆಸರನ್ನೇ ಬಳಸದೆ ತತ್ತ್ವವನ್ನು ಹೇಳಿ ಮುಗಿಸುತ್ತದೆ.

ಜೊತೆಯ ಶ್ಲೋಕ, ಬಾಯಿಯ ತಪ್ಪುಗಳು

'ಯುಗೇ ಯುಗೇ' ಎಂಬ ಮಾತು ಏಳನೆಯ ಶ್ಲೋಕದ್ದಲ್ಲ, ಎಂಟನೆಯದು. ಹಾಡಿನಲ್ಲಿ ಎರಡನ್ನೂ ಒಂದೇ ಉಸಿರಿಗೆ ಹೇಳುವುದರಿಂದ ಬೆರೆತುಹೋಗಿವೆ. ಯಾವಾಗ ಎಂಬುದನ್ನು ಏಳನೆಯದು ಹೇಳಿದರೆ, ಏತಕ್ಕಾಗಿ ಎಂಬುದನ್ನು ಎಂಟನೆಯದು ಹೇಳುತ್ತದೆ. ಅಲ್ಲಿ ಮೂರು ಉದ್ದೇಶಗಳಿವೆ. 'ಸಾಧೂನಾಂ' ಎಂದರೆ ಸಜ್ಜನರ ರಕ್ಷಣೆ, 'ದುಷ್ಕೃತಾಮ್' ಎಂದರೆ ಕೆಟ್ಟದ್ದನ್ನು ಮಾಡುವವರ ನಾಶ, ಮತ್ತು ಧರ್ಮವನ್ನು ನೆಲೆಗೊಳಿಸುವುದು. ಕೊನೆಯ ಕ್ರಿಯಾಪದ 'ಸಂಭವಾಮಿ', ಅದೂ ವರ್ತಮಾನದಲ್ಲೇ ಇದೆ.

ಇಲ್ಲಿ ಸಾಧು ಎಂದರೆ ಕಾವಿ ಉಟ್ಟವರು ಎಂದು ತಿಳಿಯಬೇಕಿಲ್ಲ. ಒಂಬತ್ತನೆಯ ಅಧ್ಯಾಯದ ಮೂವತ್ತನೆಯ ಶ್ಲೋಕದಲ್ಲಿ ಕೃಷ್ಣನೇ ಈ ಪದವನ್ನು ಇನ್ನೊಮ್ಮೆ ಬಳಸುತ್ತಾನೆ. ಎಷ್ಟೇ ದುರಾಚಾರಿಯಾಗಿದ್ದರೂ ಬೇರೆಡೆಗೆ ಮನಸ್ಸು ಹರಿಸದೆ ನನ್ನನ್ನು ಭಜಿಸಿದರೆ ಅವನನ್ನು ಸಾಧು ಎಂದೇ ತಿಳಿಯಬೇಕು, ಏಕೆಂದರೆ ಅವನ ನಿಶ್ಚಯ ಸರಿಯಾಗಿದೆ ಎಂಬುದು ಅಲ್ಲಿಯ ತಾತ್ಪರ್ಯ. ಅಂದರೆ ಸಾಧು ಮತ್ತು ದುಷ್ಟ ಎಂಬ ಎರಡು ಗುಂಪಿನ ನಡುವೆ ಶಾಶ್ವತ ಗೋಡೆಯಿಲ್ಲ. ದುಷ್ಟನೂ ಈಚೆಗೆ ಬರಬಹುದು. ಎಂಟನೆಯ ಶ್ಲೋಕವನ್ನು ಇದರ ಜೊತೆಗಿಟ್ಟು ಓದಿದರೆ ಅದರ ಕಠಿಣತೆ ತಕ್ಕ ಅಳತೆಗೆ ಬರುತ್ತದೆ.

ಈ ಎರಡು ಶ್ಲೋಕಗಳನ್ನು ಹೇಳುವಾಗ ಆಗುವ ತಪ್ಪುಗಳಲ್ಲಿ ಒಂದು ಅರ್ಥವನ್ನೇ ತಿರುಗಿಸಿಬಿಡುತ್ತದೆ. 'ಅಭ್ಯುತ್ಥಾನಮಧರ್ಮಸ್ಯ' ಎಂದು ಕೂಡಿಸಿ ಹೇಳಬೇಕಾದ ಕಡೆ 'ಅಭ್ಯುತ್ಥಾನಂ ಧರ್ಮಸ್ಯ' ಎಂದು ನಡುವಿನ ಅಕಾರವನ್ನು ನುಂಗಿದರೆ, ಧರ್ಮ ಏಳಿಗೆಯಾದಾಗ ನಾನು ಬರುತ್ತೇನೆ ಎಂದಾಗುತ್ತದೆ! ಇದನ್ನು ಹಿಡಿಯಲು ಸಂಸ್ಕೃತ ಬರಬೇಕಾಗಿಲ್ಲ, ಎಣಿಸಲು ಬಂದರೆ ಸಾಕು. ಇದು ಅನುಷ್ಟುಪ್ ಛಂದಸ್ಸು. ಒಂದು ಶ್ಲೋಕಕ್ಕೆ ನಾಲ್ಕು ಪಾದ, ಪ್ರತಿ ಪಾದಕ್ಕೆ ಎಂಟು ಅಕ್ಷರ. ಅ, ಭ್ಯು, ತ್ಥಾ, ನ, ಮ, ಧ, ರ್ಮ, ಸ್ಯ ಎಂದು ಬೆರಳು ಮಡಚಿದರೆ ಎಂಟು ಬರುತ್ತದೆ. ಅಕಾರ ಬಿಟ್ಟು ಹೇಳಿದರೆ ಏಳೇ ಆಗಿ ಪಾದ ಕುಂಟುತ್ತದೆ.

ಇನ್ನೊಂದು ತಪ್ಪು 'ಪರಿತ್ರಾಣಾಯ' ಎಂಬುದನ್ನು 'ಪವಿತ್ರಾಣಾಯ' ಎನ್ನುವುದು. ಇಲ್ಲಿ ಅಕ್ಷರದ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಎರಡರಲ್ಲೂ ಐದೇ ಅಕ್ಷರ. ಅರ್ಥವನ್ನೇ ಕೇಳಬೇಕು. ಪರಿತ್ರಾಣ ಎಂದರೆ ಸುತ್ತಲಿಂದ ಕಾಪಾಡುವುದು. ಪವಿತ್ರ ಎಂಬ ಶಬ್ದಕ್ಕೆ ಆ ರೂಪವೇ ಇಲ್ಲ, ಇದ್ದರೂ ಸಜ್ಜನರಿಗೆ ಅದು ಹೊಂದುವುದಿಲ್ಲ.

ಇದೇ ಮಾತು ಬೇರೆ ಕಡೆಗಳಲ್ಲಿ

ಈ ಶ್ಲೋಕ ಮಹಾಭಾರತದಲ್ಲಿ ಗೀತೆಗಷ್ಟೇ ಮೀಸಲಲ್ಲ ಎಂಬುದು ಅನೇಕರಿಗೆ ಆಶ್ಚರ್ಯ ತರಬಹುದು. ಗೀತೆ ಬರುವುದು ಭೀಷ್ಮಪರ್ವದಲ್ಲಿ. ಅದಕ್ಕಿಂತ ಬಹಳ ಮೊದಲೇ, ವನಪರ್ವದಲ್ಲಿ, ಕಾಡಿನಲ್ಲಿರುವ ಪಾಂಡವರಿಗೆ ಮಾರ್ಕಂಡೇಯ ಋಷಿ ಪ್ರಳಯದ ಕಥೆ ಹೇಳುತ್ತಾನೆ. ಜಗತ್ತೆಲ್ಲ ನೀರಾದಾಗ ಒಬ್ಬನೇ ಈಜುತ್ತ ಅಲೆದ ತಾನು ಆಲದ ಕೊಂಬೆಯ ಮೇಲೆ ಒಂದು ಮಗುವನ್ನು ಕಂಡುದು, ಅದರ ಬಾಯೊಳಗೆ ಹೊಕ್ಕು ಎಲ್ಲ ಲೋಕಗಳನ್ನೂ ಅಲ್ಲಿ ನೋಡಿದುದು, ಹೊರಬಂದ ಮೇಲೆ ನೀನು ಯಾರು ಎಂದು ಕೇಳಿದುದು ಆ ಕಥೆ. ತಾನು ನಾರಾಯಣ ಎಂದು ಮಗು ಉತ್ತರಿಸುತ್ತದೆ. ಆ ಉತ್ತರದ ನಡುವೆ ಇದೇ ಶ್ಲೋಕ ಬರುತ್ತದೆ. ವ್ಯತ್ಯಾಸ ಎರಡೇ ಪದ. 'ಹಿ' ಇದ್ದ ಕಡೆ 'ಚ' ಇದೆ, 'ಭಾರತ' ಇದ್ದ ಕಡೆ 'ಸತ್ತಮ' ಇದೆ. ಸತ್ತಮ ಎಂದರೆ ಸಜ್ಜನರಲ್ಲಿ ಶ್ರೇಷ್ಠನೇ ಎಂದು ಮಾರ್ಕಂಡೇಯನನ್ನು ಕರೆಯುವ ಮಾತು. ಕೇಳುವವರು ಬದಲಾದಾಗ ಈ ಜಾಗದ ಪದವೂ ಬದಲಾಗಿರುವುದರಿಂದ, ಅದು ದೇಶದ ಹೆಸರಲ್ಲ, ಎದುರಿಗಿರುವವನನ್ನು ಕರೆಯುವ ಜಾಗ ಎಂಬುದು ಖಚಿತವಾಗುತ್ತದೆ.

ಭಾಗವತ ಪುರಾಣದ ಒಂಬತ್ತನೆಯ ಸ್ಕಂಧದ ಕೊನೆಯಲ್ಲಿ, ಕೃಷ್ಣನ ಜನ್ಮದ ಪ್ರಸ್ತಾಪ ಬಂದಾಗ ಇದೇ ಧಾಟಿಯ ಶ್ಲೋಕವಿದೆ. ಅಲ್ಲಿ ಹೇಳುವವನು ಶುಕಮುನಿ. ಆದ್ದರಿಂದ ನಾನು ಎಂಬ ಮಾತು ಹೋಗಿ ಹರಿ ಎಂಬ ಮಾತು ಬರುತ್ತದೆ. ಗ್ಲಾನಿಯ ಬದಲು 'ಕ್ಷಯ', ಅಭ್ಯುತ್ಥಾನದ ಬದಲು ಪಾಪದ 'ವೃದ್ಧಿ' ಎಂದಿದೆ. ದೇವೀಮಾಹಾತ್ಮ್ಯದ ಹನ್ನೊಂದನೆಯ ಅಧ್ಯಾಯದ ಕೊನೆಗೆ ದೇವಿ, ದಾನವರ ಬಾಧೆ ಎದ್ದಾಗಲೆಲ್ಲ ತಾನು ಅವತರಿಸಿ ಶತ್ರುಗಳನ್ನು ಇಲ್ಲವಾಗಿಸುವೆ ಎನ್ನುತ್ತಾಳೆ. ಅಲ್ಲಿ ಇಳಿಯುವುದು ಎಂಬ ಕ್ರಿಯಾಪದವೂ ಇದೆ, ಭವಿಷ್ಯತ್ ಕಾಲವೂ ಇದೆ. ನಾವು ಗೀತೆಯ ಶ್ಲೋಕಕ್ಕೆ ಹಚ್ಚುವ ಭರವಸೆಯ ಬಣ್ಣ ನಿಜಕ್ಕೂ ಅಂಥ ಕಡೆಯದು.

ಗೀತೆಯ ಪಾಠದಲ್ಲೂ ಒಂದು ಭೇದವಿದೆ. ಕಾಶ್ಮೀರದಲ್ಲಿ ಬಳಕೆಯಲ್ಲಿದ್ದ ಪಾಠದಲ್ಲಿ 'ಆತ್ಮಾನಂ' ಎಂಬುದಕ್ಕೆ ಬದಲಾಗಿ 'ಆತ್ಮಾಂಶಂ' ಎಂದಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಬಾಳಿದ ಅಭಿನವಗುಪ್ತ ತನ್ನ ಗೀತಾರ್ಥಸಂಗ್ರಹದಲ್ಲಿ ಈ ಪಾಠವನ್ನೇ ಹಿಡಿದು ವ್ಯಾಖ್ಯಾನ ಬರೆದಿದ್ದಾನೆ. ನನ್ನನ್ನು ಸೃಷ್ಟಿಸಿಕೊಳ್ಳುತ್ತೇನೆ ಎಂಬುದಕ್ಕೂ ನನ್ನ ಅಂಶವನ್ನು ಸೃಷ್ಟಿಸುತ್ತೇನೆ ಎಂಬುದಕ್ಕೂ ಇರುವ ಅಂತರ, ಬಂದವನು ಪೂರ್ಣನೋ ಅಂಶನೋ ಎಂಬ ಹಳೆಯ ಚರ್ಚೆಯ ಬಾಗಿಲಿನಲ್ಲೇ ಇದೆ. ನಮ್ಮ ಕೈಯಲ್ಲಿರುವ ಪುಸ್ತಕಗಳೆಲ್ಲ 'ಆತ್ಮಾನಂ' ಎಂಬ ಪಾಠವನ್ನೇ ಅನುಸರಿಸುತ್ತವೆ.

ಅರ್ಜುನ ಕೇಳಿದ್ದೇನು?

ಇಷ್ಟು ಪದಗಳ ವಿಚಾರ. ಈಗ ಮುಖ್ಯವಾದುದಕ್ಕೆ ಬರೋಣ. ಈ ಶ್ಲೋಕ ಘೋಷಣೆಯಂತೆ ಒಂಟಿಯಾಗಿ ಹುಟ್ಟಿದ್ದಲ್ಲ. ಅದು ಒಂದು ಸಂದೇಹಕ್ಕೆ ಕೊಟ್ಟ ಉತ್ತರದ ಭಾಗ.

ನಾಲ್ಕನೆಯ ಅಧ್ಯಾಯದ ಮೊದಲಲ್ಲಿ ಕೃಷ್ಣ ಒಂದು ವಿಷಯ ಹೇಳುತ್ತಾನೆ. ಈ ಯೋಗವನ್ನು ನಾನು ವಿವಸ್ವಂತನಿಗೆ, ಅಂದರೆ ಸೂರ್ಯನಿಗೆ ಹೇಳಿದೆ. ಅವನು ಮನುವಿಗೆ ಹೇಳಿದ, ಮನು ಇಕ್ಷ್ವಾಕುವಿಗೆ ಹೇಳಿದ. ರಾಜರ್ಷಿಗಳು ಪರಂಪರೆಯಿಂದ ಅದನ್ನು ತಿಳಿದಿದ್ದರು. ಕಾಲ ಬಹಳವಾದಾಗ ಆ ಯೋಗ ಇಲ್ಲಿ ನಷ್ಟವಾಯಿತು. ಅದನ್ನೇ ಇವತ್ತು, ನೀನು ಭಕ್ತ ಮತ್ತು ಗೆಳೆಯನಾದ್ದರಿಂದ, ನಿನಗೆ ಹೇಳಿದ್ದೇನೆ.

ಅರ್ಜುನನಿಗೆ ಲೆಕ್ಕ ತಾಳೆಯಾಗುವುದಿಲ್ಲ. ನಿನ್ನ ಹುಟ್ಟು ಈಚಿನದು, ಸೂರ್ಯನ ಹುಟ್ಟು ಹಿಂದಿನದು, ನೀನು ಮೊದಲು ಅವನಿಗೆ ಹೇಳಿದೆ ಎಂಬುದನ್ನು ನಾನು ಹೇಗೆ ತಿಳಿಯಲಿ ಎಂದು ನಾಲ್ಕನೆಯ ಶ್ಲೋಕದಲ್ಲಿ ಕೇಳುತ್ತಾನೆ. ಜೊತೆಯಲ್ಲಿ ಓಡಾಡಿದ ಗೆಳೆಯ, ತಂಗಿಯನ್ನು ಕೊಟ್ಟ ಭಾವ, ಎದುರಿಗೆ ಕುದುರೆಯ ಹಗ್ಗ ಹಿಡಿದು ಕೂತಿದ್ದಾನೆ. ಅವನು ಸೂರ್ಯನಿಗೆ ಪಾಠ ಹೇಳಿದೆ ಎಂದರೆ ಯಾರಾದರೂ ಕೇಳುವ ಪ್ರಶ್ನೆಯೇ ಇದು.

ಕೃಷ್ಣನ ಉತ್ತರ ಮೂರು ಹಂತದಲ್ಲಿದೆ. ನನಗೂ ನಿನಗೂ ಎಷ್ಟೋ ಜನ್ಮಗಳು ಕಳೆದಿವೆ, ಅವೆಲ್ಲ ನನಗೆ ಗೊತ್ತು, ನಿನಗೆ ಗೊತ್ತಿಲ್ಲ ಎಂಬುದು ಮೊದಲನೆಯದು. ನಾನು ಹುಟ್ಟಿಲ್ಲದವನು, ಅಳಿವಿಲ್ಲದವನು, ಎಲ್ಲಕ್ಕೂ ಒಡೆಯ, ಆದರೂ ನನ್ನದೇ ಪ್ರಕೃತಿಯನ್ನು ಹಿಡಿದು ನನ್ನ ಮಾಯೆಯಿಂದ ಉಂಟಾಗುತ್ತೇನೆ ಎಂಬುದು ಎರಡನೆಯದು. ಹಾಗೆ ಉಂಟಾಗುವುದು ಯಾವಾಗ, ಏಕೆ ಎಂಬುದು ಮೂರನೆಯದು, ಅಂದರೆ ನಮ್ಮ ಏಳು ಮತ್ತು ಎಂಟನೆಯ ಶ್ಲೋಕಗಳು. ಆ ಪುಟ್ಟ 'ಹಿ' ಬಿಗಿಯುವುದು ಈ ಹಿಂದಿನ ಮಾತಿಗೇ.

ಈ ಸಂದರ್ಭವನ್ನು ಕಣ್ಣಮುಂದಿಟ್ಟುಕೊಂಡರೆ ಒಂದು ಸಂಗತಿ ಎದ್ದು ಕಾಣುತ್ತದೆ. ಧರ್ಮದ ಬಳಲಿಕೆ ಎಂದಾಗ ನಮಗೆ ನೆನಪಾಗುವುದು ರಾವಣ, ಕಂಸ, ಹಿರಣ್ಯಕಶಿಪು. ಆದರೆ ಈ ಅಧ್ಯಾಯದಲ್ಲಿ ಕೃಷ್ಣ ಕೊಡುವ ಉದಾಹರಣೆಯಲ್ಲಿ ರಾಕ್ಷಸರೇ ಇಲ್ಲ. ಒಂದು ತಿಳಿವು ಬಾಯಿಂದ ಬಾಯಿಗೆ ಬರುತ್ತಿತ್ತು, ನಡುವೆ ಕೊಂಡಿ ಕಳಚಿತು, ಅದು ಮರೆಯಾಯಿತು. ಅದಕ್ಕೆ ಅವನು ಮಾಡಿದ ಪರಿಹಾರವೂ ಸಂಹಾರವಲ್ಲ. ಅದನ್ನು ಮತ್ತೆ ಒಬ್ಬನಿಗೆ ಹೇಳಿಕೊಟ್ಟದ್ದು. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲ ಎಂದು ಮೊದಲೇ ಹೇಳಿ ಬಂದವನು ಈ ಮಾತನ್ನು ಆಡುತ್ತಿರುವುದು ಸಾರಥಿಯ ಜಾಗದಲ್ಲಿ ಕೂತು. ಮೂರನೆಯ ಉದ್ದೇಶವಾದ ಧರ್ಮದ ಸಂಸ್ಥಾಪನೆ ನಮ್ಮ ಕಣ್ಣೆದುರೇ, ಆ ರಥದ ಮೇಲೆಯೇ ನಡೆಯುತ್ತಿದೆ.

ಆಚಾರ್ಯರು ಕಂಡ ತೊಡಕು

ಎಲ್ಲಕ್ಕೂ ಒಡೆಯನಾದವನಿಗೆ ಒಬ್ಬ ದುಷ್ಟನನ್ನು ಕೊಲ್ಲಲು ಹುಟ್ಟಿಬರುವ ಅಗತ್ಯವಾದರೂ ಏನು? ಇದು ನಾಸ್ತಿಕರು ಮಾತ್ರ ಕೇಳುವ ಪ್ರಶ್ನೆಯಲ್ಲ, ಭಾಷ್ಯಕಾರರೂ ಇದನ್ನು ಎದುರಿಸಿದ್ದಾರೆ.

ಶಂಕರರ ಪ್ರಕಾರ ಭಗವಂತ ದೇಹ ತಳೆದವನಂತೆ, ಹುಟ್ಟಿದವನಂತೆ ತೋರುತ್ತಾನೆ. ನಮ್ಮ ಹಾಗೆ ನಿಜವಾಗಿ ಹುಟ್ಟುವುದಿಲ್ಲ. ರಾಮಾನುಜರು ಒತ್ತು ಕೊಡುವುದು ಸಜ್ಜನರ ರಕ್ಷಣೆಗೆ. ಅವನನ್ನು ಕಾಣದೆ ಕ್ಷಣವೂ ಇರಲಾರದ ಭಕ್ತರಿಗೆ ತನ್ನ ರೂಪವನ್ನು ತೋರಿಸಿ, ಮಾತನಾಡಿಸಿ ಉಳಿಸಿಕೊಳ್ಳುವುದೇ ಪರಿತ್ರಾಣ ಎನ್ನುತ್ತಾರೆ. ಅದಕ್ಕೆ ಎದುರಿಗೆ ಬಂದೇ ತೀರಬೇಕು. ದೂರದಿಂದ ಆಗುವ ಕೆಲಸ ಅದಲ್ಲ. 'ಯುಗೇ ಯುಗೇ' ಎಂಬುದಕ್ಕೆ ಇಂಥ ಯುಗದಲ್ಲೇ ಎಂಬ ನಿಯಮವಿಲ್ಲ ಎಂದೂ ಅವರು ಹೇಳುತ್ತಾರೆ. ಯುಗಕ್ಕೊಂದು ಅವತಾರ ಎಂದು ಪಟ್ಟಿ ಹಾಕಿ ಲೆಕ್ಕ ಮಾಡುವವರು ಇದನ್ನು ಗಮನಿಸಬೇಕು. ಉಡುಪಿಯ ಮಧ್ವಾಚಾರ್ಯರು ಇನ್ನೂ ನೇರ. ರಕ್ಷಣೆ ಮುಂತಾದ ಕೆಲಸಗಳನ್ನು ಜನ್ಮ ತಳೆದೇ ಮಾಡಬೇಕೆಂಬ ನಿಯಮ ಅವನಿಗೆ ಇಲ್ಲ, ಹುಟ್ಟಿಬರುವುದು ಅವನ ಲೀಲೆ, ಅವನ ಸ್ವಭಾವ ಎನ್ನುತ್ತಾರೆ.

ಮೂವರ ಸಿದ್ಧಾಂತ ಬೇರೆ ಬೇರೆ. ಆದರೆ ದುಷ್ಟರನ್ನು ಕೊಲ್ಲುವುದೊಂದೇ ಬರುವಿಕೆಗೆ ಸಾಕಾದ ಕಾರಣವೆಂದು ಇವರಲ್ಲಿ ಯಾರೂ ಒಪ್ಪಿಕೊಂಡಿಲ್ಲ. ಜನಪ್ರಿಯ ಓದಿನಲ್ಲಿ ಉಳಿದಿರುವುದು ಮಾತ್ರ ಅದೊಂದೇ.

ಕಾಯುತ್ತ ಕೂರಬೇಕೆ?

ಈ ಶ್ಲೋಕದ ಮೇಲೆ ಎರಡು ರೀತಿಯ ದುರುಪಯೋಗ ನಡೆಯುತ್ತದೆ. ಒಂದು, ಯಾರನ್ನೋ ತೋರಿಸಿ, ಇಗೋ ಬಂದವನು ಇವನೇ ಎನ್ನುವುದು. ಶ್ಲೋಕದ ಕೊನೆಯ ಪದ 'ಅಹಮ್'. ಅದನ್ನು ಹೇಳುವ ಹಕ್ಕು ಹೇಳಿದವನದು ಮಾತ್ರ. ಇನ್ನೊಬ್ಬರ ಪರವಾಗಿ ನಾವು ಅದನ್ನು ಬಳಸುವುದಕ್ಕೆ ಪದಗಳಲ್ಲಿ ಎಡೆಯಿಲ್ಲ. ಎರಡು, ಅವನು ಬಂದು ನೋಡಿಕೊಳ್ಳುತ್ತಾನೆ ಎಂದು ನಾವು ಕೈಕಟ್ಟಿ ಕೂರುವುದು.

ಎರಡನೆಯದಕ್ಕೆ ಉತ್ತರ ಅದೇ ಅಧ್ಯಾಯದಲ್ಲಿ, ಕೆಲವೇ ಶ್ಲೋಕಗಳ ಅಂತರದಲ್ಲಿದೆ. ಒಂಬತ್ತನೆಯ ಶ್ಲೋಕದಲ್ಲಿ ಕೃಷ್ಣ, ನನ್ನ ಈ ದಿವ್ಯವಾದ ಜನ್ಮವನ್ನೂ ಕರ್ಮವನ್ನೂ ನಿಜವಾಗಿ ತಿಳಿದವನು ಮತ್ತೆ ಹುಟ್ಟುವುದಿಲ್ಲ ಎನ್ನುತ್ತಾನೆ. ಹದಿನಾಲ್ಕರಲ್ಲಿ, ಕರ್ಮಗಳು ನನಗೆ ಅಂಟುವುದಿಲ್ಲ, ಅವುಗಳ ಫಲದಲ್ಲಿ ನನಗೆ ಆಸೆಯಿಲ್ಲ ಎಂದು ತನ್ನ ಕೆಲಸದ ರೀತಿಯನ್ನು ವಿವರಿಸುತ್ತಾನೆ. ಹದಿನೈದರಲ್ಲಿ ಮಾತು ಅರ್ಜುನನ ಕಡೆ ತಿರುಗುತ್ತದೆ. ಹೀಗೆ ತಿಳಿದೇ ಹಿಂದಿನವರು ಕೆಲಸ ಮಾಡಿದರು, ಆದ್ದರಿಂದ ನೀನೂ ಕೆಲಸವನ್ನೇ ಮಾಡು ಎಂದು.

ನಾನು ಬರುತ್ತೇನೆ ಎಂದವನು ಮುಂದೆ ಹೇಳಿದ ಮಾತು ಇದು. ನಾನು ಬಂದಿದ್ದೇನೆ, ಇನ್ನು ನೀನು ಬಿಲ್ಲು ಕೆಳಗಿಡು ಎಂದು ಅವನು ಹೇಳಲಿಲ್ಲ. ಬಿಲ್ಲನ್ನು ಅರ್ಜುನ ಆಗಲೇ ಕೆಳಗಿಟ್ಟಿದ್ದ, ಅದನ್ನು ಎತ್ತಿಸುವುದಕ್ಕಾಗಿಯೇ ಇಡೀ ಸಂವಾದ ನಡೆಯಿತು.

ಆದ್ದರಿಂದ ಏಳನೆಯ ಶ್ಲೋಕವನ್ನು ಮಕ್ಕಳಿಗೆ ಕಲಿಸುವ ತಂದೆತಾಯಂದಿರು, ಶಿಕ್ಷಕರು ಅದೊಂದನ್ನೇ ಕಲಿಸಿ ನಿಲ್ಲಿಸಬಾರದು. ಮೊದಲನೆಯ ಶ್ಲೋಕದಿಂದ ಹದಿನೈದನೆಯದರವರೆಗೆ ಒಂದೇ ಸಂಭಾಷಣೆಯಾಗಿ ಓದಿಸಲಿ. ಹದಿನೈದು ಶ್ಲೋಕ ಹೆಚ್ಚೇನಲ್ಲ. ಅರ್ಜುನನ ಸಂದೇಹದಿಂದ ಶುರುವಾಗಿ ಅರ್ಜುನನ ಕೆಲಸದಲ್ಲಿ ಮುಗಿಯುವ ಆ ಮಾತುಕತೆಯ ನಡುವೆ ಇಟ್ಟಾಗಲೇ ಈ ಶ್ಲೋಕ ತನ್ನ ಪೂರ್ತಿ ಅರ್ಥವನ್ನು ಹೇಳುತ್ತದೆ.